ರಜಾ ಸಂಬಳ: ಖಾಸಗಿ ಶಾಲಾ ಶಿಕ್ಷಕರ ವೇತನದಲ್ಲಿ ಏಪ್ರಿಲ್–ಮೇ ತಿಂಗಳ ಲೆಕ್ಕ

ಬೇಸಿಗೆ ರಜೆಯಲ್ಲಿ ಶಾಲೆ ಮುಚ್ಚಿದ್ದರೂ ಶಿಕ್ಷಕರು ಹುದ್ದೆಯಲ್ಲಿ ಮುಂದುವರಿದಿರುತ್ತಾರೆ ಎಂಬ ಕಾರಣಕ್ಕೆ ಅವರಿಗೆ ಸಲ್ಲಬೇಕಾದ ವೇತನವನ್ನು ಶಾಲೆಗಳಲ್ಲಿ ರಜಾ ಸಂಬಳ ಎನ್ನುತ್ತಾರೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಈ ಪ್ರಶ್ನೆ ಸಾಮಾನ್ಯವಾಗಿ ಏಳುವುದಿಲ್ಲ. ಆಡಳಿತ ಮಂಡಳಿಯೇ ಸಂಬಳ ಕೊಡುವ ಅನುದಾನರಹಿತ ಶಾಲೆಗಳಲ್ಲಿ ಮಾತ್ರ, ವರ್ಷಕ್ಕೆ ಹನ್ನೆರಡು ತಿಂಗಳ ಸಂಬಳವೋ ಹತ್ತು ತಿಂಗಳದ್ದೋ ಎಂಬುದು ಸಂದರ್ಶನದ ದಿನ ಯಾರೂ ಬಾಯಿಬಿಟ್ಟು ಹೇಳದ, ಆದರೆ ಉಳಿದೆಲ್ಲ ಲೆಕ್ಕವನ್ನೂ ನಿರ್ಧರಿಸುವ ಸಂಗತಿಯಾಗಿದೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಪ್ರೌಢಶಾಲೆಯ ಗಣಿತ ಶಿಕ್ಷಕಿಯೊಬ್ಬರಿಗೆ ‘ತಿಂಗಳಿಗೆ 18,000 ರೂಪಾಯಿ ಕನ್ಸಾಲಿಡೇಟೆಡ್’ ಎಂದು ಹೇಳಲಾಗಿದೆ. ಕನ್ಸಾಲಿಡೇಟೆಡ್ ಎಂದರೆ ಮೂಲ ವೇತನ, ಭತ್ಯೆ ಎಂಬ ವಿಂಗಡಣೆ ಇಲ್ಲದೆ ಒಂದೇ ಮೊತ್ತವಾಗಿ ಗೊತ್ತುಮಾಡಿದ ಸಂಬಳ. ಅವರ ನೇಮಕಾತಿ ಆದೇಶದಲ್ಲಿ ಅವಧಿ ಜೂನ್ 1ರಿಂದ ಮಾರ್ಚ್ 31ರವರೆಗೆ ಎಂದಿದೆ. ಹಾಗಾದರೆ ವರ್ಷಕ್ಕೆ ಕೈಗೆ ಬರುವುದು 1,80,000 ರೂಪಾಯಿ. ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ 15,000. ಪಕ್ಕದ ಶಾಲೆಯವರು 16,000 ಕೊಟ್ಟು ರಜಾ ಸಂಬಳವನ್ನೂ ಸೇರಿಸಿದರೆ ವರ್ಷಕ್ಕೆ 1,92,000 ಆಗುತ್ತದೆ. ಆದ್ದರಿಂದ ಎರಡು ಶಾಲೆಗಳ ಸಂಬಳವನ್ನು ಹೋಲಿಸುವವರು ತಿಂಗಳ ಅಂಕಿಯನ್ನಲ್ಲ, ವರ್ಷದ ಮೊತ್ತವನ್ನು ಹೋಲಿಸಬೇಕು.

ಮಾರ್ಚ್ 31ಕ್ಕೆ ಆದೇಶ ಮುಗಿಸಿ ಜೂನ್‌ನಲ್ಲಿ ಹೊಸ ಆದೇಶ ಕೊಡುವ ಕ್ರಮವನ್ನು ಕೃತಕ ಸೇವಾ ವಿರಾಮ ಎನ್ನಬಹುದು. ಇದರಿಂದ ಎರಡು ತಿಂಗಳ ಸಂಬಳವಷ್ಟೇ ಉಳಿಯುವುದಿಲ್ಲ; ಐದು ವರ್ಷಗಳ ನಿರಂತರ ಸೇವೆಯ ನಂತರ ಸಿಗುವ ಗ್ರಾಚ್ಯುಟಿಯನ್ನು ನಿರಾಕರಿಸುವುದಕ್ಕೂ ಆಡಳಿತ ಮಂಡಳಿಗೆ ಒಂದು ನೆಪ ಸಿಗುತ್ತದೆ. ಶಿಕ್ಷಕರಿಗೆ ಗ್ರಾಚ್ಯುಟಿ ಸಲ್ಲುತ್ತದೆಯೇ ಎಂಬ ವಿವಾದ ಈಗ ಉಳಿದಿಲ್ಲ. 2009ರ ತಿದ್ದುಪಡಿಯು 1997ರ ಏಪ್ರಿಲ್ 3ರಿಂದ ಪೂರ್ವಾನ್ವಯವಾಗಿ ಅವರನ್ನು ಗ್ರಾಚ್ಯುಟಿ ಕಾಯ್ದೆಯ ವ್ಯಾಪ್ತಿಗೆ ತಂದಿತು ಮತ್ತು ಸುಪ್ರೀಂ ಕೋರ್ಟ್ 2022ರ ಆಗಸ್ಟ್‌ನಲ್ಲಿ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು.

ಸೇವಾ ವಿರಾಮದ ಬಗ್ಗೆ ನ್ಯಾಯಾಲಯ ಹಿಂದೆಯೇ ಮಾತನಾಡಿದೆ. ಹರಿಯಾಣ ಸರ್ಕಾರ ತನ್ನ ತಾತ್ಕಾಲಿಕ ಶಿಕ್ಷಕರನ್ನು ಬೇಸಿಗೆ ರಜೆಗೆ ಮುನ್ನ ಬಿಡುಗಡೆ ಮಾಡಿ ಮತ್ತೆ ನೇಮಿಸಿಕೊಳ್ಳುತ್ತಿದ್ದುದನ್ನು 1985ರ ರತನ್ ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಟುವಾಗಿ ಟೀಕಿಸಿ, ರಜಾ ಅವಧಿಯ ಸಂಬಳ ಕೊಡುವಂತೆ ನಿರ್ದೇಶಿಸಿತು. ಅಲ್ಲಿ ಉದ್ಯೋಗದಾತ ಸರ್ಕಾರವಾಗಿತ್ತು ಎಂಬುದನ್ನು ಮರೆಯಬಾರದು. ಖಾಸಗಿ ಆಡಳಿತ ಮಂಡಳಿಯ ಎದುರು ಈ ತೀರ್ಪು ಬಲವಾದ ವಾದವಾಗುತ್ತದೆಯೇ ಹೊರತು ತಾನಾಗಿಯೇ ಆದೇಶವಾಗುವುದಿಲ್ಲ. ಹೀಗಾಗಿ ನಮ್ಮ ಶಿಕ್ಷಕಿಗೆ ಸ್ವಂತ ದಾಖಲೆಗಳೇ ಮುಖ್ಯ. ರಾಜ್ಯದ ಶಾಲೆಗಳಲ್ಲಿ ಫಲಿತಾಂಶ ಪ್ರಕಟಣೆ ಸಾಮಾನ್ಯವಾಗಿ ಏಪ್ರಿಲ್ 10ರ ಹೊತ್ತಿಗೆ ನಡೆಯುತ್ತದೆ. ಮೌಲ್ಯಮಾಪನ, ಅಂಕಪಟ್ಟಿ ಬರೆಯುವುದು ಮತ್ತು ಪೋಷಕರ ಸಭೆಗಾಗಿ ಅವರು ಆ ಹತ್ತು ದಿನವೂ ಶಾಲೆಗೆ ಬಂದಿರುತ್ತಾರೆ. ಮೇ ತಿಂಗಳಲ್ಲಿ ದಾಖಲಾತಿ ಪ್ರಚಾರಕ್ಕೆಂದು ಮತ್ತೆ ಕರೆ ಬರುತ್ತದೆ. ಮಾರ್ಚ್ 31ಕ್ಕೆ ಸೇವೆ ಮುಗಿದಿತ್ತು ಎಂಬ ಮಾತಿಗೆ ಹಾಜರಿ ಪುಸ್ತಕದ ಈ ಸಹಿಗಳು ಮತ್ತು ಮುಖ್ಯೋಪಾಧ್ಯಾಯರ ಸಂದೇಶಗಳು ನೇರ ಉತ್ತರವಾಗುತ್ತವೆ. ಅವುಗಳ ಫೋಟೊ ತೆಗೆದಿಟ್ಟುಕೊಳ್ಳುವುದು ಅಗತ್ಯ.

ಇನ್ನು ಭತ್ಯೆಗಳ ವಿಷಯ. ಇದೇ 18,000 ಒಂದೇ ಮೊತ್ತವಾಗಿರದೆ ಸಂಬಳದ ಚೀಟಿಯಲ್ಲಿ ಹೀಗೆ ಒಡೆದಿರುತ್ತದೆ ಎಂದುಕೊಳ್ಳಿ: ಮೂಲ ವೇತನ 7,000, ಮನೆ ಬಾಡಿಗೆ ಭತ್ಯೆ 4,000, ವಿಶೇಷ ಭತ್ಯೆ 7,000. ತುಟ್ಟಿಭತ್ಯೆಯ ಸಾಲೇ ಇಲ್ಲ. ಅಂದರೆ ಬೆಲೆ ಏರಿದಂತೆ ಸಂಬಳ ತಾನಾಗಿ ಏರುವ ದಾರಿ ಇಲ್ಲಿಲ್ಲ. ಶಾಲೆಯು ಭವಿಷ್ಯನಿಧಿಯನ್ನು ಮೂಲ ವೇತನದ ಮೇಲಷ್ಟೇ ಶೇ 12ರಂತೆ ಕಟ್ಟಿದರೆ ತಿಂಗಳಿಗೆ 840 ರೂಪಾಯಿ ಆಗುತ್ತದೆ. ಆದರೆ ಎಲ್ಲರಿಗೂ ಏಕರೂಪವಾಗಿ ಕೊಡುವ ಭತ್ಯೆ, ಹೆಸರು ಏನೇ ಇರಲಿ, ಭವಿಷ್ಯನಿಧಿಯ ಲೆಕ್ಕಕ್ಕೆ ಮೂಲ ವೇತನದ ಭಾಗವೇ ಆಗುತ್ತದೆ ಎಂದು ಸುಪ್ರೀಂ ಕೋರ್ಟ್ 2019ರ ಫೆಬ್ರುವರಿಯಲ್ಲಿ ತೀರ್ಪಿತ್ತಿತು. ಆ ತೀರ್ಪಿನ ಮುಖ್ಯ ಪ್ರಕರಣ ಪಶ್ಚಿಮ ಬಂಗಾಳದ ವಿವೇಕಾನಂದ ವಿದ್ಯಾಮಂದಿರ ಎಂಬ ಶಾಲೆಯದೇ ಆಗಿತ್ತು ಎಂಬುದು ಶಿಕ್ಷಕರಿಗೆ ಗೊತ್ತಿರಬೇಕಾದ ಸಂಗತಿ. ಇದರಂತೆ 7,000ದ ವಿಶೇಷ ಭತ್ಯೆಯೂ ಎಲ್ಲ ಶಿಕ್ಷಕರಿಗೆ ಒಂದೇ ರೀತಿ ಸಿಗುತ್ತಿದ್ದರೆ ಲೆಕ್ಕ 14,000ದ ಮೇಲೆ ನಡೆಯಬೇಕು; ಆಗ ವಂತಿಗೆ 1,680 ಆಗುತ್ತದೆ. ಶಿಕ್ಷಕಿಯ ಕೈಗೆ ಬರುವ ಹಣ 840 ಕಡಿಮೆಯಾಗುವುದು ನಿಜ, ಆದರೆ ಅಷ್ಟೇ ಮೊತ್ತವನ್ನು ಶಾಲೆಯೂ ಹೆಚ್ಚುವರಿಯಾಗಿ ಕೊಡಬೇಕಾಗುತ್ತದೆ. ಮನೆ ಬಾಡಿಗೆ ಭತ್ಯೆ ಮಾತ್ರ ಕಾಯ್ದೆಯಂತೆಯೇ ಈ ಲೆಕ್ಕದ ಹೊರಗೆ ಉಳಿಯುತ್ತದೆ. ಚೀಟಿಯಲ್ಲಿ ವೃತ್ತಿ ತೆರಿಗೆಯೆಂದು 200 ಕಡಿದಿದ್ದರೆ ಅದನ್ನೂ ಕೇಳಬಹುದು, ಏಕೆಂದರೆ ಕರ್ನಾಟಕದಲ್ಲಿ 2023ರ ಏಪ್ರಿಲ್‌ನಿಂದ 25,000ಕ್ಕಿಂತ ಕಡಿಮೆ ಸಂಬಳದವರಿಗೆ ಆ ತೆರಿಗೆ ಇಲ್ಲ.

ಭವಿಷ್ಯನಿಧಿಯ ಪಾಸ್‌ಬುಕ್ ರಜಾ ಸಂಬಳದ ವಿಷಯದಲ್ಲೂ ಸಾಕ್ಷಿ ನುಡಿಯುತ್ತದೆ. ಯುಎಎನ್ ಸಂಖ್ಯೆಯಿಂದ ಅದನ್ನು ತೆರೆದಾಗ ಪ್ರತಿ ವರ್ಷ ಎರಡು ತಿಂಗಳ ವಂತಿಗೆ ಕಾಣದಿದ್ದರೆ, ಅಥವಾ ಸೇವಾ ವಿವರದಲ್ಲಿ ಮಾರ್ಚ್ 31 ಎಂದು ನಿರ್ಗಮನ ದಿನಾಂಕ ನಮೂದಾಗಿದ್ದರೆ, ಶಾಲೆ ಕಾಗದದ ಮೇಲೆ ಅವರನ್ನು ಕೆಲಸದಿಂದ ಬಿಡಿಸಿದೆ ಎಂದು ತಿಳಿಯಬೇಕು. ಎಷ್ಟೋ ಶಿಕ್ಷಕರಿಗೆ ಇದು ತಿಳಿಯುವುದು ಹಣ ಹಿಂಪಡೆಯಲು ಹೋದ ದಿನವೇ.

ಸಂಬಳ ಕಡಿಮೆ ಎಂದು ಪ್ರಶ್ನಿಸುವಾಗ ‘ಜಾಸ್ತಿ ಮಾಡಿ’ ಎಂಬ ಮನವಿಗಿಂತ ನಿರ್ದಿಷ್ಟ ವ್ಯತ್ಯಾಸವನ್ನು ತೋರಿಸುವ ಪತ್ರ ಹೆಚ್ಚು ಕೆಲಸ ಮಾಡುತ್ತದೆ. ನೇಮಕಾತಿ ಆದೇಶ, ಸಂಬಳದ ಚೀಟಿ, ಬ್ಯಾಂಕ್ ವಿವರ ಮತ್ತು ಪಾಸ್‌ಬುಕ್ ಈ ನಾಲ್ಕನ್ನೂ ಎದುರಿಗಿಟ್ಟುಕೊಂಡು, ಮುಖ್ಯೋಪಾಧ್ಯಾಯರ ಮೂಲಕ ಆಡಳಿತ ಮಂಡಳಿಯ ಕಾರ್ಯದರ್ಶಿಗೆ ಹೀಗೆ ಬರೆಯಬಹುದು: ‘ಏಪ್ರಿಲ್ 1ರಿಂದ 10ರವರೆಗೆ ಶಾಲೆಯಲ್ಲಿ ಕರ್ತವ್ಯ ನಿರ್ವಹಿಸಿದ್ದೇನೆ, ಜೂನ್ 1ರಂದು ಅದೇ ಹುದ್ದೆಯಲ್ಲಿ ಮುಂದುವರಿದಿದ್ದೇನೆ. ಆದ್ದರಿಂದ ಎರಡು ತಿಂಗಳ ವೇತನ 36,000 ರೂಪಾಯಿಯನ್ನು ಪಾವತಿಸಬೇಕೆಂದು, ಇಲ್ಲವಾದಲ್ಲಿ ಕಾರಣವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ.’ ಪತ್ರದ ಪ್ರತಿಯ ಮೇಲೆ ಸ್ವೀಕೃತಿಯ ಸಹಿ ಮತ್ತು ಮೊಹರು ಪಡೆಯಬೇಕು. ಕೊಡದಿದ್ದರೆ ಅದೇ ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಬೇಕು. ಮೂರ್ನಾಲ್ಕು ಸಹೋದ್ಯೋಗಿಗಳು ಒಟ್ಟಿಗೆ ಸಹಿ ಮಾಡಿದರೆ ಒಬ್ಬರನ್ನೇ ಗುರಿಮಾಡುವುದು ಕಷ್ಟವಾಗುತ್ತದೆ.

ಉತ್ತರ ಬಾರದಿದ್ದರೆ ಮುಂದಿನ ದಾರಿ ಎಲ್ಲರಿಗೂ ಒಂದೇ ಅಲ್ಲ. ಬೋಧಿಸುವ ಶಿಕ್ಷಕರು ಆಗಿನ ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಲ್ಲ ಎಂದು 1988ರ ಸುಂದರಾಂಬಾಳ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದರಿಂದ, ಕಾರ್ಮಿಕ ನ್ಯಾಯಾಲಯದ ಬಾಗಿಲಿಗೆ ಮೊದಲು ಹೋಗಿ ದಿನ ಕಳೆಯುವುದು ಬೇಡ. ಭವಿಷ್ಯನಿಧಿಯ ಕೊರತೆಯನ್ನು ನೌಕರರ ಭವಿಷ್ಯನಿಧಿ ಸಂಘಟನೆಯ ಪ್ರಾದೇಶಿಕ ಕಚೇರಿಗೆ ನೇರವಾಗಿ ದೂರಬಹುದು. ರಾಜ್ಯ ಪಠ್ಯಕ್ರಮದ ಶಾಲೆಯಾದರೆ ವೇತನದ ದೂರು ಕ್ಷೇತ್ರ ಶಿಕ್ಷಣಾಧಿಕಾರಿಗೂ ಅವರಿಂದ ಜಿಲ್ಲಾ ಉಪನಿರ್ದೇಶಕರಿಗೂ ಹೋಗುತ್ತದೆ. ಸಿಬಿಎಸ್‌ಇ ಶಾಲೆಯಾದರೆ ಮಂಡಳಿಯ ಸಂಯೋಜನಾ ನಿಯಮಗಳಲ್ಲಿ ಸಿಬ್ಬಂದಿ ವೇತನದ ಷರತ್ತು ಇರುವುದರಿಂದ ಮಂಡಳಿಗೂ ಬರೆಯಬಹುದು. ಪ್ರಶ್ನಿಸಿದ ಕಾರಣಕ್ಕೆ ಕೆಲಸದಿಂದಲೇ ತೆಗೆದುಹಾಕಿದರೆ, ಕರ್ನಾಟಕ ಶಿಕ್ಷಣ ಕಾಯ್ದೆ ಅನ್ವಯಿಸುವ ಶಾಲೆಗಳ ಶಿಕ್ಷಕರು ಮೂರು ತಿಂಗಳೊಳಗೆ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬೇಕು. ಬೇಸಿಗೆ ರಜೆ ಮುಗಿದ ಮೇಲೆ ನೋಡೋಣವೆಂದು ಕಾಯುವವರಿಗೆ ಈ ಮೂರು ತಿಂಗಳಲ್ಲಿ ಎರಡು ಆಗಲೇ ಕಳೆದಿರುತ್ತವೆ.