ಗುಡಿಸು ಇಲ್ಲದ ಕವಿತೆ: ‘ಅ’ ಬಿಡಬೇಕೋ, ‘ಇ’ ಬಿಡಬೇಕೋ?

ಪ್ರಶ್ನೆ: ಶಿರಸಿಯ ನಮ್ಮ ಕಾವ್ಯಕೂಟದಲ್ಲಿ ಮುಂದಿನ ತಿಂಗಳು ಒಂದು ಆಟ ಇಟ್ಟುಕೊಂಡಿದ್ದೇವೆ. ತುಂಬ ಬಳಕೆಯ ಒಂದು ಸ್ವರವನ್ನು ಪೂರ್ತಿ ಬಿಟ್ಟು ಕವಿತೆ ಬರೆಯಬೇಕು. ‘ಅ’ ಬಿಡೋಣ ಎನ್ನುತ್ತಾರೆ ಕೆಲವರು. ಅದು ಆಗುವ ಮಾತೇ?

ಆಗುತ್ತದೆ, ಆದರೆ ಬೇಡ. ಕನ್ನಡದಲ್ಲಿ ‘ಅ’ ಅಕ್ಷರದೊಳಗೇ ಕೂತಿರುತ್ತದೆ. ತಲಕಟ್ಟಿನ ಕ, ಮ, ರ ಯಾವುದನ್ನೂ ಮುಟ್ಟುವಂತಿಲ್ಲ ಎಂದಾದರೆ ‘ಮನೆ’ ಹೋಯಿತು, ‘ಮರ’ ಹೋಯಿತು, ‘ಬರುತ್ತದೆ’ಯೂ ಹೋಯಿತು. ‘ನೀನು ಹೂವು ಕೊಟ್ಟೆ’ ಎಂಬಂಥ ಸಾಲು ಉಳಿಯುತ್ತದೆ. ಅಂಥವು ನಾಲ್ಕಾದ ಮೇಲೆ ಎಲ್ಲರ ಕವಿತೆಯೂ ಒಂದೇ ಥರ ಕೇಳುತ್ತದೆ.

ನನ್ನ ಮಟ್ಟಿಗೆ ಸರಿಯಾದ ಆಟ ‘ಇ’ ಬಿಡುವುದು. ಗುಡಿಸು, ಅದರ ದೀರ್ಘ ಎರಡೂ ನಿಷಿದ್ಧ. ‘ಐ’ ಬೇರೆಯೇ ಸ್ವರ, ಅದಕ್ಕೆ ರಿಯಾಯಿತಿ. ಇದನ್ನು ಮೊದಲೇ ಹೇಳಿಬಿಡಿ, ಇಲ್ಲವಾದರೆ ‘ಮೀನು’ ಬಂದಾಗ ಜಗಳ. ಆಟವೇನೂ ಹೊಸದಲ್ಲ. ದಂಡಿಯ ದಶಕುಮಾರಚರಿತದಲ್ಲಿ ಮಂತ್ರಗುಪ್ತ ತನ್ನ ಕಥೆಯನ್ನೆಲ್ಲ ಪ, ಬ, ಮದಂಥ ತುಟಿಯ ಅಕ್ಷರಗಳಿಲ್ಲದೆ ಹೇಳುತ್ತಾನೆ, ಪ್ರಿಯೆ ಕಚ್ಚಿ ತುಟಿ ನೋಯುತ್ತಿರುವುದರಿಂದ!

‘ಇ’ ಬಿಟ್ಟರೆ ನಮ್ಮ ಜಿಲ್ಲೆಯ ನಕ್ಷೆಯೇ ಅರ್ಧ ಅಳಿಸಿಹೋಗುತ್ತದೆ ನೋಡಿ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ನಾಲ್ಕು ಹೊಳೆಗಳೂ ಹೊರಗೆ. ಕರಾವಳಿಯ ಐದೂ ತಾಲೂಕು ಸಲೀಸಾಗಿ ಒಳಗೆ ಬರುತ್ತವೆ: ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ. ನಿಮ್ಮ ಶಿರಸಿಗೆ ಎರಡೆರಡು ಗುಡಿಸು. ‘ಕವಿತೆ’ಗೂ ಒಂದು.

ಪದ ತಪ್ಪಿದರೆ ಬೇರೆ ಪದ ಹುಡುಕಬಹುದು. ನಿಜವಾದ ಪೇಚು ಪ್ರತ್ಯಯದ್ದು. ‘ಅಲ್ಲಿ’, ‘ಇಂದ’ ಎರಡೂ ಸಿಗುವುದಿಲ್ಲ. ‘ಮಾಡಿದ’, ‘ಹಾಡಿದ’ ಇಲ್ಲ; ‘ಬಂದ’, ‘ಕಂಡ’, ‘ಕೊಟ್ಟ’ ಉಂಟು. ‘ಊರಿಗೆ’ ಹೋಗುವಂತಿಲ್ಲ, ‘ಮನೆಗೆ’ ಹೋಗಬಹುದು. ‘ಇಲ್ಲ’ ಎನ್ನಲಾಗದು, ‘ಬಾರದು’, ‘ಕಾಣದು’ ಎನ್ನಬೇಕು.

ಒಂದು ಸಾಲನ್ನು ಕೈಗೆತ್ತಿಕೊಳ್ಳೋಣ. ‘ಕಾರವಾರದ ಕಡಲಿನ ದಂಡೆಯಲ್ಲಿ ದೋಣಿಯೊಂದು ನಿಂತಿದೆ.’ ಎಣಿಸಿ, ಐದು ಗುಡಿಸು. ‘ಕಡಲಿನ’ ಎಂಬುದನ್ನು ‘ಕಡಲ’ ಮಾಡಿದೆ, ಹಾಗೆ ಮಾಡಿದ್ದೇ ಸಾಲು ಹಗುರಾಯಿತು. ‘ದಂಡೆಯಲ್ಲಿ’ ಹೋಗಿ ‘ದಂಡೆಗೆ’ ಬಂತು. ದೋಣಿಯ ಬದಲು ಬೋಟು, ‘ನಿಂತಿದೆ’ ಬದಲು ‘ಬಂದು ಕೂತಾಯ್ತು’. ಗುಡಿಸೆಲ್ಲ ಹೋಯಿತೆಂದು ಹಿಗ್ಗಿ ಕುಮಟಾದ ಗೆಳೆಯನಿಗೆ ಓದಿದೆ. ‘ಮಾರಾಯಾ, ಬೋಟು ಮರಳ ಮೇಲೆ ಕೂರ್ತದಾ? ಅದು ಬೈತಖೋಲ ಬಂದರಿಗೆ ಹೋಗ್ತದೆ’ ಎಂದ. ಈ ಆಟದಲ್ಲಿ ದೊಡ್ಡ ತಪ್ಪು ಇದೇ: ನಿಯಮ ಉಳಿಸಲು ಹೋಗಿ ಸುಳ್ಳು ಹೇಳುವುದು. ‘ಬಂದರಿಗೆ’ ಎನ್ನಲು ಗುಡಿಸು ಅಡ್ಡ. ‘ಬಂದರ ಕಟ್ಟೆಗೆ’ ಎಂದು ತಿದ್ದಿದ ಮೇಲೆ ಉಳಿದ ಸಾಲುಗಳು ತಾವಾಗಿ ಬಂದವು:

ಕಾರವಾರದ ಬಂದರ ಕಟ್ಟೆಗೆ
ಹಳೆಯ ಬೋಟು ಬಂದು ಕೂತಾಯ್ತು;
ಬಲೆಯ ತುಂಬ ಬಂಗಡೆ, ಬೆಳಗು,
ಕಣ್ಣ ಸುತ್ತ ಒಣ ಉಪ್ಪು.
ಮೋಡ ಒಡೆಯುವ ಮುನ್ನ ಮನೆಗೆ ನಡೆಯಪ್ಪ,
ಅಮ್ಮ ಒಲೆಯ ಮುಂದೆ ಕೂತಾಯ್ತು.

‘ಕೂತಾಯ್ತು’ ಎರಡು ಸಲ ಬಂದದ್ದು ಮೊದಲು ಪದ ಸಿಗದೆ. ‘ಕಾಯುತ್ತಿದ್ದಾಳೆ’ ಎನ್ನುವಂತಿರಲಿಲ್ಲವಲ್ಲ. ಆಮೇಲೆ ನೋಡಿದರೆ ಬೋಟೂ ಅಮ್ಮನೂ ಒಂದೇ ಕ್ರಿಯಾಪದದಲ್ಲಿ ಕೂತಿದ್ದರು. ಅದನ್ನು ಹಾಗೇ ಬಿಟ್ಟೆ.

ತಪ್ಪು ಹಿಡಿಯುವುದಕ್ಕೆ ಗಟ್ಟಿಯಾಗಿ ಓದಿದರೆ ಸಾಲದು, ಲಯದಲ್ಲಿ ಕಿವಿ ಮೋಸ ಹೋಗುತ್ತದೆ. ಪೆನ್ಸಿಲು ಹಿಡಿದು ಕೊನೆಯ ಸಾಲಿನಿಂದ ಮೇಲಕ್ಕೆ, ಪ್ರತಿ ಅಕ್ಷರದ ತಲೆ ನೋಡುತ್ತ ಬನ್ನಿ. ಹೆಚ್ಚಾಗಿ ತಪ್ಪಿಸಿಕೊಳ್ಳುವುದು ಒತ್ತಕ್ಷರದ ಮೇಲಿನ ಗುಡಿಸು: ‘ಶಕ್ತಿ’, ‘ರಾತ್ರಿ’, ‘ಹಳ್ಳಿ’. ಕಣ್ಣು ಕೆಳಗಿನ ಒತ್ತಿಗೆ ಹೋದಾಗ ಮೇಲಿನದು ಜಾರಿಕೊಳ್ಳುತ್ತದೆ. ಇನ್ನು ‘ಕಾಯಿ’, ‘ಬಾಯಿ’, ‘ನಾಯಿ’ಗಳ ‘ಯಿ’ಯನ್ನು ಬರೀ ‘ಯ’ ಎಂದುಕೊಂಡು ಬಿಡುವವರೂ ಇದ್ದಾರೆ.

ಶಿರಸಿಯವರಿಗೆ ಅಡಿಕೆ ಸಿಗುವುದಿಲ್ಲ ಎಂಬ ಬೇಸರ ಬೇಡ. ತೋಟ, ಸೋಗೆ, ಹಾಳೆ ನಿಮ್ಮವೇ, ಮರ ಏರುವ ಕೊನೆಗೌಡನೂ ನಿಮ್ಮವನೇ. ಅವನು ಕೆಳಗೆ ‘ಇಳಿಯು’ವಂತಿಲ್ಲ, ಅಷ್ಟೇ.