ದ್ವಿಭಾಷಾ ಪತ್ರಿಕೆಯಲ್ಲಿ ಒಂದೇ ಪ್ರಶ್ನೆ ಎರಡಾದಾಗ

ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಅಭ್ಯರ್ಥಿಗಳನ್ನು ಸಿದ್ಧಪಡಿಸುವ ನನ್ನ ವೃತ್ತಿಯಲ್ಲಿ, ಪರೀಕ್ಷೆ ಮುಗಿದ ಮೇಲೆ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆಯೊಂದಿದೆ. ಕನ್ನಡದ ಪಾಠ ಒಂದು ಅರ್ಥ ಕೊಡುತ್ತಿತ್ತು, ಇಂಗ್ಲಿಷಿನದು ಇನ್ನೊಂದು. ಯಾವುದಕ್ಕೆ ಉತ್ತರ ಬರೆಯಬೇಕಿತ್ತು? ಬಹು ಆಯ್ಕೆಯ ಪತ್ರಿಕೆಗಳ ಮಟ್ಟಿಗೆ ಇದಕ್ಕೆ ಸಾಕಷ್ಟು ಖಚಿತವಾದ ಕ್ರಮವಿದೆ. ಆದರೆ ಅದನ್ನು ಪಾಲಿಸಬೇಕಾದರೆ ಮೊದಲು ವ್ಯತ್ಯಾಸ ಕಣ್ಣಿಗೆ ಬೀಳಬೇಕು. ಹೆಚ್ಚಿನವರು ಅಂಕ ಕಳೆದುಕೊಳ್ಳುವುದು ಅಲ್ಲಿಯೇ.

ಕೆಲವು ವ್ಯತ್ಯಾಸಗಳು ತಾವಾಗಿಯೇ ಎದ್ದು ಕಾಣುತ್ತವೆ. ‘ಈ ಕೆಳಗಿನವುಗಳಲ್ಲಿ ಕೊಬ್ಬಿನಲ್ಲಿ ಕರಗುವ ವಿಟಮಿನ್ ಯಾವುದು’ ಎಂದು ಕನ್ನಡದಲ್ಲಿದೆ. ಆಯ್ಕೆಗಳು ಎ, ಸಿ, ಡಿ ಮತ್ತು ಕೆ ಎಂದಿಟ್ಟುಕೊಳ್ಳಿ. ಎ, ಡಿ, ಕೆ ಮೂರೂ ಕೊಬ್ಬಿನಲ್ಲಿ ಕರಗುವುದರಿಂದ ಒಂದೇ ಪ್ರಶ್ನೆಗೆ ಮೂರು ಸರಿಯುತ್ತರ ಬಂದಂತಾಯಿತು. ಇಂಥ ಕಡೆ ಇಂಗ್ಲಿಷ್ ಪಾಠವನ್ನು ನೋಡಿದರೆ ‘ನಾಟ್’ ಎಂಬ ಪದ ಸಿಗುತ್ತದೆ, ‘ಕರಗದ’ ಎಂದಿರಬೇಕಾದದ್ದು ಅನುವಾದದಲ್ಲಿ ‘ಕರಗುವ’ ಎಂದಾಗಿದೆ ಎಂಬುದು ತಿಳಿಯುತ್ತದೆ, ಉತ್ತರ ಸಿ ಎಂಬುದರಲ್ಲಿ ಸಂದೇಹ ಉಳಿಯುವುದಿಲ್ಲ. ಆಯ್ಕೆಗಳು ಎರಡೂ ಭಾಷೆಗೆ ಒಂದೇ ಆಗಿರುವುದರಿಂದ ಅವೇ ಸಾಕ್ಷಿ ಹೇಳುತ್ತವೆ. ಯಾವ ಆಯ್ಕೆಯೂ ಹೊಂದದಿದ್ದರೆ, ಒಂದಕ್ಕಿಂತ ಹೆಚ್ಚು ಹೊಂದಿದರೆ ಅಥವಾ ವಾಕ್ಯ ಅರ್ಧಕ್ಕೇ ನಿಂತಂತಿದ್ದರೆ ಕೂಡಲೇ ಇನ್ನೊಂದು ಭಾಷೆಯ ಪಾಠವನ್ನು ಓದಬೇಕು.

ನಿಜವಾದ ಅಪಾಯವಿರುವುದು ಸದ್ದಿಲ್ಲದೆ ಕೂತಿರುವ ವ್ಯತ್ಯಾಸದಲ್ಲಿ. ಒಂದು ನಾಣ್ಯವನ್ನು ಮೂರು ಬಾರಿ ಚಿಮ್ಮಲಾಗಿದೆ. ‘ಎರಡು ಹೆಡ್ ಬರುವ ಸಂಭವನೀಯತೆ ಎಷ್ಟು’ ಎಂದು ಕನ್ನಡದಲ್ಲಿದೆ, ಇಂಗ್ಲಿಷಿನಲ್ಲಿ ‘ಕನಿಷ್ಠ ಎರಡು’ ಎಂಬ ಅರ್ಥದ ‘ಅಟ್ ಲೀಸ್ಟ್ ಟೂ’ ಎಂದಿದೆ. ಆಯ್ಕೆಗಳು 1/8, 3/8, 1/2 ಮತ್ತು 7/8. ಮೂರು ಚಿಮ್ಮುಗಳಿಂದ ಒಟ್ಟು 8 ಫಲಿತಗಳು ಬರುತ್ತವೆ. ಸರಿಯಾಗಿ ಎರಡು ಹೆಡ್ ಇರುವ ಫಲಿತಗಳು 3, ಆದ್ದರಿಂದ ಕನ್ನಡ ಓದಿದವರಿಗೆ ಉತ್ತರ 3/8. ಕನಿಷ್ಠ ಎರಡು ಎಂದಾಗ ಮೂರೂ ಹೆಡ್ ಆಗುವ ಒಂದು ಫಲಿತವೂ ಸೇರಿ 4 ಆಗುತ್ತದೆ, ಉತ್ತರ 1/2. ಎರಡೂ ಸಂಖ್ಯೆಗಳು ಆಯ್ಕೆಯಲ್ಲಿವೆ. ಕನ್ನಡ ಮಾತ್ರ ಓದಿದ ಅಭ್ಯರ್ಥಿ ಲೆಕ್ಕವನ್ನು ಸರಿಯಾಗಿಯೇ ಮಾಡಿ, ನೆಮ್ಮದಿಯಿಂದ 3/8 ಗುರುತಿಸಿ ಮುಂದೆ ಹೋಗುತ್ತಾನೆ. ಏನೋ ತಪ್ಪಿದೆ ಎಂಬ ಸುಳಿವೇ ಅವನಿಗೆ ದೊರೆಯುವುದಿಲ್ಲ.

ಹಾಗೆಂದು ಪ್ರತಿ ಪ್ರಶ್ನೆಯನ್ನೂ ಎರಡೂ ಭಾಷೆಯಲ್ಲಿ ಓದಿ ಎಂದು ನಾನು ಹೇಳುವುದಿಲ್ಲ. 120 ನಿಮಿಷಗಳಲ್ಲಿ 100 ಪ್ರಶ್ನೆಗಳಿದ್ದರೆ ಒಂದಕ್ಕೆ ಸಿಗುವುದು 72 ಸೆಕೆಂಡು. ಅದರಲ್ಲಿ ಎರಡೆರಡು ಬಾರಿ ಓದುವವರು ಕೊನೆಯ ಪ್ರಶ್ನೆಗಳನ್ನು ತಲುಪುವುದೇ ಇಲ್ಲ. ನನ್ನ ವಿದ್ಯಾರ್ಥಿಗಳಿಗೆ ನಾನು ಮಾಡಿಸುವ ಅಭ್ಯಾಸ ಬೇರೆ. ನಿಮ್ಮ ಭಾಷೆಯಲ್ಲಿ ಪ್ರಶ್ನೆಯನ್ನು ಪೂರ್ತಿ ಓದಿ, ಇನ್ನೊಂದು ಭಾಷೆಯ ಪಾಠದಲ್ಲಿ ಅರ್ಥವನ್ನು ಕಟ್ಟಿಹಾಕುವ ಪದಗಳ ಮೇಲೆ ಮಾತ್ರ ಕಣ್ಣು ಹಾಯಿಸಿ. ಅಲ್ಲ, ಮಾತ್ರ, ಕನಿಷ್ಠ, ಗರಿಷ್ಠ, ಹೊರತುಪಡಿಸಿ, ಕ್ರಮವಾಗಿ ಎಂಬಂಥ ಪದಗಳು, ಜೊತೆಗೆ ಅಂಕಿಗಳು, ಇಸವಿಗಳು ಮತ್ತು ಮಾನಗಳು. ಇದಕ್ಕೆ ಕೆಲವೇ ಸೆಕೆಂಡು ಸಾಕು, ಇಂಗ್ಲಿಷಿನಲ್ಲಿ ಹಿಡಿತ ಕಡಿಮೆ ಇರುವವರೂ ಇಷ್ಟು ಪದಗಳನ್ನು ಗುರುತಿಸಬಲ್ಲರು. ಗಣಿತ ಮತ್ತು ಹೇಳಿಕೆಗಳ ಪ್ರಶ್ನೆಗಳಲ್ಲಿ ಇದನ್ನು ತಪ್ಪಿಸಲೇಬಾರದು; ನೇರ ಮಾಹಿತಿ ಕೇಳುವ ಪ್ರಶ್ನೆಗಳಲ್ಲಿ ಬಿಟ್ಟರೂ ನಷ್ಟ ಕಡಿಮೆ.

ವ್ಯತ್ಯಾಸ ಕಂಡ ಮೇಲೆ ಯಾವ ಪಾಠ ಅಂತಿಮ ಎಂಬುದನ್ನು ತೀರ್ಮಾನಿಸುವುದು ಆ ಪರೀಕ್ಷೆಯ ನಿಯಮವೇ ಹೊರತು ನಮ್ಮ ನ್ಯಾಯಬುದ್ಧಿಯಲ್ಲ. ನಿಯಮ ಸಾಮಾನ್ಯವಾಗಿ ಅಧಿಸೂಚನೆಯಲ್ಲಿ ಅಥವಾ ಪ್ರಶ್ನೆಪುಸ್ತಿಕೆಯ ಮುಖಪುಟದ ಸೂಚನೆಗಳಲ್ಲಿ ಇರುತ್ತದೆ. ಉದಾಹರಣೆಗೆ, ನೀಟ್ ಪರೀಕ್ಷೆಯಲ್ಲಿ ಅನುವಾದದ ಬಗ್ಗೆ ಗೊಂದಲ ಉಂಟಾದರೆ ಇಂಗ್ಲಿಷ್ ಪಾಠವೇ ಅಂತಿಮ. ಹಾಗೆ ನಿಯಮವಿದ್ದ ಕಡೆ ನಾಣ್ಯದ ಪ್ರಶ್ನೆಗೆ 1/2 ಎಂದೇ ಗುರುತಿಸಬೇಕು, ಕನ್ನಡ ಪಾಠ ಎಷ್ಟೇ ಸ್ಪಷ್ಟವಾಗಿದ್ದರೂ ಸರಿ. ಮಾತೃಭಾಷೆಯಲ್ಲಿ ಓದಿದವರಿಗೆ ಇದು ಅನ್ಯಾಯವೆಂದು ನನಗೂ ಅನ್ನಿಸುತ್ತದೆ, ಆದರೆ ಆ ವಾದವನ್ನು ಪರೀಕ್ಷಾ ಕೊಠಡಿಯೊಳಗೆ ಉತ್ತರದ ಮೂಲಕ ಮಾಡಹೊರಟರೆ ಅಂಕ ಹೋಗುತ್ತದೆ.

ನಿಯಮ ಏನನ್ನೂ ಹೇಳದಿದ್ದಾಗ, ಪ್ರಶ್ನೆ ಮೊದಲು ಯಾವ ಭಾಷೆಯಲ್ಲಿ ಹುಟ್ಟಿತು ಎಂಬುದನ್ನು ಊಹಿಸಬೇಕಾಗುತ್ತದೆ. ಇಲ್ಲಿಯೂ ಆಯ್ಕೆಗಳೇ ನೆರವಿಗೆ ಬರುತ್ತವೆ. ಪ್ರಶ್ನೆ ರಚಿಸುವವರು ತಪ್ಪು ಆಯ್ಕೆಗಳನ್ನು ಮನಬಂದಂತೆ ಹಾಕುವುದಿಲ್ಲ, ಅಭ್ಯರ್ಥಿ ಎಲ್ಲೆಲ್ಲಿ ಎಡವಬಹುದು ಎಂದು ಯೋಚಿಸಿ ಹಾಕುತ್ತಾರೆ. ‘ಕನಿಷ್ಠ ಎರಡು’ ಎಂಬುದು ಮೂಲವಾಗಿದ್ದರೆ ಮೂರೂ ಹೆಡ್ ಆಗುವ ಫಲಿತವನ್ನು ಮರೆತವರಿಗೆ 3/8, ಅದೊಂದನ್ನೇ ಲೆಕ್ಕಕ್ಕೆ ಹಿಡಿದವರಿಗೆ 1/8, ಕನಿಷ್ಠ ಒಂದು ಎಂದು ಓದಿಕೊಂಡವರಿಗೆ 7/8 ಬರುತ್ತದೆ; ಮೂರಕ್ಕೂ ಕಾರಣ ಸಿಕ್ಕಿತು. ‘ಸರಿಯಾಗಿ ಎರಡು’ ಮೂಲವಾಗಿದ್ದರೆ 7/8 ಅಲ್ಲಿಗೆ ಹೇಗೆ ಬಂತು ಎಂಬುದಕ್ಕೆ ಸಲೀಸಾದ ವಿವರಣೆ ಸಿಗುವುದಿಲ್ಲ. ಆದ್ದರಿಂದ 1/2ರ ಕಡೆಗೇ ವಾಲಬೇಕು. ಇದು ಊಹೆಯೇ ಹೊರತು ರುಜುವಾತಲ್ಲ ಎಂಬುದು ನೆನಪಿರಲಿ.

ಎರಡು ಉತ್ತರಗಳ ನಡುವೆ ಏನೂ ತೀರ್ಮಾನವಾಗದಿದ್ದರೂ ಪ್ರಶ್ನೆಯನ್ನು ಬಿಡಬೇಕಾಗಿಲ್ಲ. ಸರಿಯುತ್ತರಕ್ಕೆ 1 ಅಂಕ, ತಪ್ಪಿಗೆ 0.25 ಅಂಕ ಕಡಿತ ಎಂದಿದ್ದು, ಎರಡರಲ್ಲಿ ಒಂದು ಸರಿ ಎಂಬುದು ಖಚಿತವಿದ್ದರೆ, ಸರಾಸರಿ ಲಾಭ 0.5ರಿಂದ 0.125 ಕಳೆದ 0.375 ಅಂಕ. ಬಿಟ್ಟರೆ ಸಿಗುವುದು ಸೊನ್ನೆ. ಮಾಡಬಾರದ್ದೆಂದರೆ, ಓಎಂಆರ್ ಹಾಳೆಯಲ್ಲಿ ಎರಡೂ ವೃತ್ತಗಳನ್ನು ತುಂಬುವುದು ಮತ್ತು ಅದರ ಅಂಚಿನಲ್ಲಿ ಟಿಪ್ಪಣಿ ಬರೆಯುವುದು. ಕೊಠಡಿ ಮೇಲ್ವಿಚಾರಕರೊಡನೆ ವಾದಕ್ಕಿಳಿಯುವುದರಿಂದಲೂ ಪ್ರಯೋಜನವಿಲ್ಲ, ಪ್ರಶ್ನೆಯ ಅರ್ಥ ಹೇಳುವ ಅಧಿಕಾರ ಅವರಿಗಿಲ್ಲ. ಪುಸ್ತಿಕೆಯಲ್ಲಿ ಆ ಪ್ರಶ್ನೆಯ ಪಕ್ಕ ಗುರುತು ಹಾಕಿಕೊಂಡು ಮುಂದುವರಿಯಿರಿ.

ಆ ಗುರುತು ಉಪಯೋಗಕ್ಕೆ ಬರುವುದು ತಾತ್ಕಾಲಿಕ ಕೀ ಉತ್ತರ ಪ್ರಕಟವಾಗಿ ಆಕ್ಷೇಪಣೆಗಳನ್ನು ಕರೆದಾಗ. ನಾನು ನೋಡುವ ಆಕ್ಷೇಪಣೆಗಳಲ್ಲಿ ಹಲವು ದಾರಿ ತಪ್ಪುವುದು ಪಠ್ಯಪುಸ್ತಕದ ಪುಟಗಳನ್ನು ಲಗತ್ತಿಸಿ, ತನ್ನ ಉತ್ತರವೇ ಸರಿ ಎಂದು ಸಾಧಿಸಹೊರಟಾಗ. ಇಲ್ಲಿ ವಿಷಯಜ್ಞಾನದ ವಿವಾದವೇ ಇಲ್ಲ, ಪ್ರಶ್ನೆಪತ್ರಿಕೆಯೇ ಪುರಾವೆ. ಪುಸ್ತಿಕೆಯ ಶ್ರೇಣಿ ಮತ್ತು ಪ್ರಶ್ನೆಸಂಖ್ಯೆಯನ್ನು ನಮೂದಿಸಿ, ಎರಡೂ ಪಾಠಗಳನ್ನು ಒಂದಕ್ಷರವೂ ಬದಲಿಸದೆ ಬರೆದು, ಪ್ರತಿಯೊಂದರಿಂದ ಬರುವ ಉತ್ತರವನ್ನು ಎರಡು ಸಾಲಿನ ಲೆಕ್ಕದೊಡನೆ ತೋರಿಸಿ, ಎರಡನ್ನೂ ಸರಿಯೆಂದು ಪರಿಗಣಿಸಬೇಕು ಅಥವಾ ಪ್ರಶ್ನೆಯನ್ನು ಕೈಬಿಡಬೇಕು ಎಂದು ಸ್ಪಷ್ಟವಾಗಿ ಕೋರಬೇಕು.

ಒಂದು ಭಾಷೆಯೇ ಅಂತಿಮ ಎಂಬ ನಿಯಮವಿರುವ ಪರೀಕ್ಷೆಗಳಲ್ಲಿ ಇಂಥ ಕೋರಿಕೆ ಫಲಿಸುವ ಸಾಧ್ಯತೆ ಕಡಿಮೆ. 2018ರ ನೀಟ್ ಪರೀಕ್ಷೆಯ ತಮಿಳು ಪಾಠದಲ್ಲಿ 49 ಪ್ರಶ್ನೆಗಳ ಅನುವಾದ ತಪ್ಪಾಗಿತ್ತೆಂಬ ದೂರಿನ ಮೇಲೆ ಮದ್ರಾಸ್ ಹೈಕೋರ್ಟಿನ ಮದುರೈ ಪೀಠ ಪ್ರಶ್ನೆಗೆ 4ರಂತೆ 196 ಅಂಕಗಳನ್ನು ನೀಡಲು ಜುಲೈನಲ್ಲಿ ಆದೇಶಿಸಿತ್ತು. ಅದೇ ವರ್ಷದ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ಹೀಗಾಗಿ ನೀವು ಬರೆಯಲಿರುವ ಪರೀಕ್ಷೆಯ ಅಧಿಸೂಚನೆಯಲ್ಲಿ ಈ ಕುರಿತ ವಾಕ್ಯವನ್ನು ಅರ್ಜಿ ಹಾಕುವ ದಿನವೇ ಹುಡುಕಿ ಓದಿ. ಅಲ್ಲಿ ಸಿಗದಿದ್ದರೆ, ಪುಸ್ತಿಕೆ ಕೈಗೆ ಬಂದಾಗ ಮೊದಲ ಪ್ರಶ್ನೆಗೆ ಹೋಗುವ ಮುನ್ನ ಮುಖಪುಟದ ಸೂಚನೆಗಳಲ್ಲಿ ಹುಡುಕಿ.