ಐವತ್ತೈದು ಸಾವಿರ ಯಾರ ಸಂಬಳ?

ಪೀಣ್ಯದ ಒಂದು ಸಣ್ಣ ಯಂತ್ರಭಾಗಗಳ ಕಾರ್ಖಾನೆಯ ಸಂಬಳದ ಲೆಕ್ಕವನ್ನು ಕೆಲವು ವರ್ಷ ನಾನು ನೋಡಿಕೊಳ್ಳುತ್ತಿದ್ದೆ. ಒಮ್ಮೆ ಅಲ್ಲಿ ಸಿಎನ್‌ಸಿ ಆಪರೇಟರ್ ಬೇಕೆಂದು ಜಾಹೀರಾತು ಕೊಟ್ಟರು. ಅದರ ಕೊನೆಯ ಸಾಲು ಹೀಗಿತ್ತು: ‘ನಮ್ಮಲ್ಲಿ ಸರಾಸರಿ ಸಂಬಳ ತಿಂಗಳಿಗೆ ರೂ. 55,000’. ಸಂದರ್ಶನಕ್ಕೆ ಬಂದ ಹುಡುಗನಿಗೆ 24,000 ಎಂದು ಹೇಳಿದಾಗ ಅವನು ಆ ಜಾಹೀರಾತನ್ನು ಮೇಜಿನ ಮೇಲಿಟ್ಟು, ‘ಸಾರ್, ಹಾಗಾದರೆ ಇದು ಯಾರ ಸಂಬಳ?’ ಎಂದು ಕೇಳಿದ. ಮಾಲೀಕರು ನನ್ನ ಮುಖ ನೋಡಿದರು. ಆ ಅಂಕಿಯನ್ನು ತೆಗೆದುಕೊಟ್ಟವನು ನಾನೇ.

ಅದು ಯಾರ ಸಂಬಳವೂ ಆಗಿರಲಿಲ್ಲ. ಲೆಕ್ಕ ಹಿಡಿಯಲು ಸುಲಭವಾಗಲೆಂದು ಅಂಕಿಗಳನ್ನು ಇಲ್ಲಿ ಕೊಂಚ ದುಂಡಗೆ ಮಾಡಿದ್ದೇನೆ. ಒಟ್ಟು ಹದಿನೈದು ಜನ. ಐವರು ಹೆಲ್ಪರ್‌ಗಳಿಗೆ ತಲಾ 18,000. ಐವರು ಆಪರೇಟರ್‌ಗಳಿಗೆ 22, 24, 25, 26 ಮತ್ತು 28 ಸಾವಿರ. ಇಬ್ಬರು ಮೇಲ್ವಿಚಾರಕರಿಗೆ 32 ಮತ್ತು 38 ಸಾವಿರ, ಲೆಕ್ಕಪತ್ರ ನೋಡುವವರಿಗೆ 50 ಸಾವಿರ, ಮ್ಯಾನೇಜರ್‌ಗೆ 90 ಸಾವಿರ. ಕೊನೆಯ ಸಾಲಿನಲ್ಲಿ ಮಾಲೀಕರ ಮಗ. ನಿರ್ದೇಶಕನೆಂದು ಅವನ ಹೆಸರಿಗೆ 4 ಲಕ್ಷ. ಈ ಸಂಬಳಗಳನ್ನು ಎಕ್ಸೆಲ್ ಹಾಳೆಯ C ಕಾಲಮ್ಮಿನಲ್ಲಿ ಹಾಕಿ, ಕೆಳಗೆ ಮೂರು ಸೂತ್ರ ಬರೆದರೆ ಮೂರು ಉತ್ತರ ಬರುತ್ತವೆ:

```
=AVERAGE(C2:C16)      55000
=MEDIAN(C2:C16)       25000
=MODE.SNGL(C2:C16)    18000
```

ಮೂರೂ ಸರಿ. ಮೊದಲನೆಯದು ಸರಾಸರಿ: ಒಟ್ಟು 8,25,000 ರೂಪಾಯಿಯನ್ನು ಹದಿನೈದು ಪಾಲು ಮಾಡಿದ್ದು. ಎರಡನೆಯದು ಮಧ್ಯಾಂಕ: ಎಲ್ಲರನ್ನೂ ಸಂಬಳದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಡುವೆ, ಅಂದರೆ ಎಂಟನೆಯ ಜಾಗದಲ್ಲಿ, ನಿಲ್ಲುವವರ ಸಂಬಳ. ಮೂರನೆಯದು ಬಹುಲಕ: ಅತಿ ಹೆಚ್ಚು ಸಲ ಕಾಣುವ ಅಂಕಿ. ಶಾಲೆಯಲ್ಲಿ ಈ ಮೂರನ್ನೂ ಒಂದೇ ಅಧ್ಯಾಯದಲ್ಲಿ ಕಲಿತಿದ್ದೇವೆ. ಆ ಅಧ್ಯಾಯದ ಲೆಕ್ಕಗಳಲ್ಲಿ ಮೂರೂ ಅಕ್ಕಪಕ್ಕದಲ್ಲೇ ಬೀಳುತ್ತಿದ್ದವು. ಯಾವುದನ್ನು ಬರೆದರೂ ದೊಡ್ಡ ನಷ್ಟವಿರಲಿಲ್ಲ. ಸಂಬಳದ ಪಟ್ಟಿ ಹಾಗಿರುವುದಿಲ್ಲ. ಕೆಳಗೆ ಇಷ್ಟಕ್ಕಿಂತ ಕಡಿಮೆ ಕೊಡುವಂತಿಲ್ಲ ಎಂಬ ಗೋಡೆ ಇರುತ್ತದೆ, ಮೇಲೆ ಮುಚ್ಚಳವೇ ಇರುವುದಿಲ್ಲ. ಹಾಗಾಗಿ ಪಟ್ಟಿ ಒಂದು ಕಡೆಗೆ ವಾಲುತ್ತದೆ, ಸರಾಸರಿ ಆ ವಾಲಿದ ಕಡೆಗೇ ಹೋಗುತ್ತದೆ. ನಮ್ಮ ಹದಿನೈದರಲ್ಲಿ ಹದಿಮೂರು ಜನ ‘ಸರಾಸರಿಗಿಂತ ಕಡಿಮೆ’ ಸಂಬಳದವರು.

ಮರುವರ್ಷ ಇದು ಇನ್ನಷ್ಟು ತಮಾಷೆಯಾಗಬಹುದು. ನಿರ್ದೇಶಕನ ಸಂಬಳ 4 ಲಕ್ಷದಿಂದ 7 ಲಕ್ಷಕ್ಕೆ ಏರಿತು, ಉಳಿದ ಯಾರಿಗೂ ಒಂದು ರೂಪಾಯಿ ಏರಲಿಲ್ಲ ಎಂದುಕೊಳ್ಳಿ. ಸರಾಸರಿ 55,000 ಇದ್ದದ್ದು 75,000 ಆಗುತ್ತದೆ. ವಾರ್ಷಿಕ ವರದಿಯಲ್ಲಿ ‘ನಮ್ಮ ನೌಕರರ ಸರಾಸರಿ ಸಂಬಳ ಶೇ 36ರಷ್ಟು ಹೆಚ್ಚಿದೆ’ ಎಂದು ಬರೆಯಬಹುದು, ಅದರಲ್ಲಿ ಒಂದು ಸುಳ್ಳೂ ಇರುವುದಿಲ್ಲ. ಮಧ್ಯಾಂಕ ಮಾತ್ರ 25,000ದಲ್ಲೇ ಕುಳಿತಿರುತ್ತದೆ. ತುದಿಯಲ್ಲಿರುವವರ ಸಂಬಳ ಎಷ್ಟು ಎನ್ನುವುದು ಅದಕ್ಕೆ ಬೇಡ; ಎಂಟನೆಯವರಿಗಿಂತ ಮೇಲೆ ಎಷ್ಟು ಜನ, ಕೆಳಗೆ ಎಷ್ಟು ಜನ ಎಂಬುದಷ್ಟೇ ಬೇಕು.

ಆ ಹುಡುಗನ ಪ್ರಶ್ನೆಯ ಮುಂದೆ ತಲೆತಗ್ಗಿಸಿದ ಮೇಲೆ ನಾನು ಮಧ್ಯಾಂಕದ ಭಕ್ತನಾದೆ. ಹೊಸದಾಗಿ ಮತಾಂತರಗೊಂಡವರ ಹಾಗೆ ಎಲ್ಲ ಕಡೆಯೂ ಅದನ್ನೇ ಬರೆದೆ. ಅದರ ಫಲ ಬೇಗ ಸಿಕ್ಕಿತು. ದುಡಿಮೆ ಬಂಡವಾಳದ ಸಾಲಕ್ಕೆ ಬ್ಯಾಂಕಿಗೆ ಕೊಡಬೇಕಾದ ಅಂದಾಜಿನಲ್ಲಿ ಸಂಬಳದ ಖರ್ಚು ತೋರಿಸಬೇಕಿತ್ತು. ನನ್ನ ಹಾಳೆಯಲ್ಲಿ ‘ತಲಾ ಸಂಬಳ 25,000’ ಎಂದು ಕಂಡ ಕಚೇರಿಯ ಹುಡುಗಿ ಅದನ್ನು ಹದಿನೈದರಿಂದ ಗುಣಿಸಿ 3,75,000 ಎಂದು ತುಂಬಿದಳು. ನಿಜವಾಗಿ ಪ್ರತಿ ತಿಂಗಳು ಹೊರಗೆ ಹೋಗುತ್ತಿದ್ದುದು 8,25,000. ತಿಂಗಳಿಗೆ ನಾಲ್ಕೂವರೆ ಲಕ್ಷ ಗಾಳಿಗೆ ಹೋಗಿತ್ತು. ಅರ್ಜಿ ಹೊರಡುವ ಮುಂಚೆ ಮಾಲೀಕರೇ ಅದನ್ನು ಹಿಡಿದರು, ಏಕೆಂದರೆ ಚೆಕ್ಕಿಗೆ ಸಹಿ ಹಾಕುವ ಕೈಗೆ ಒಟ್ಟು ಮೊತ್ತ ನೆನಪಿರುತ್ತದೆ. ತಪ್ಪು ಆ ಹುಡುಗಿಯದಲ್ಲ, ಆ ಅಂಕಿಯ ಪಕ್ಕದಲ್ಲಿ ‘ತಲಾ’ ಎಂದು ಬರೆದ ನನ್ನದು.

ಇಷ್ಟರಿಂದ ನಾನು ಕಲಿತದ್ದು ಒಂದು ಸಣ್ಣ ಪರೀಕ್ಷೆ. ಈ ಅಂಕಿಯನ್ನು ಮುಂದೆ ಯಾರಾದರೂ ತಲೆ ಎಣಿಕೆಯಿಂದ ಗುಣಿಸುತ್ತಾರೆಯೇ? ಗುಣಿಸುವುದಾದರೆ ಸರಾಸರಿಯೇ ಬೇಕು. ಮೂರರಲ್ಲಿ ಜನಸಂಖ್ಯೆಯಿಂದ ಗುಣಿಸಿದರೆ ಒಟ್ಟು ಮೊತ್ತ ಮರಳಿ ಸಿಗುವುದು ಅದೊಂದರಿಂದಲೇ. ಎಲ್ಲರಿಗೂ ಶೇ 8 ಏರಿಸಿದರೆ ಎಷ್ಟಾಗುತ್ತದೆ, ಗ್ರಾಚ್ಯುಟಿಗೆ ಎಷ್ಟು ತೆಗೆದಿಡಬೇಕು ಎಂಬಂಥವು ಹಣದ ಪ್ರಶ್ನೆಗಳು. ಅಲ್ಲಿ ನಿರ್ದೇಶಕನ 4 ಲಕ್ಷವೂ ಹಣವೇ, ಅದನ್ನು ಮರೆಮಾಡುವಂತಿಲ್ಲ. ಗುಣಿಸುವುದಿಲ್ಲ, ಒಬ್ಬ ವ್ಯಕ್ತಿ ತನ್ನನ್ನು ಅದರ ಪಕ್ಕದಲ್ಲಿಟ್ಟು ಅಳೆದುಕೊಳ್ಳುತ್ತಾನೆ ಎಂದಾದರೆ ಮಧ್ಯಾಂಕ. ‘ಇಲ್ಲಿ ಕೆಲಸ ಮಾಡುವವರಿಗೆ ಸಾಮಾನ್ಯವಾಗಿ ಎಷ್ಟು ಸಿಗುತ್ತದೆ’ ಎನ್ನುವುದು ಮನುಷ್ಯರ ಪ್ರಶ್ನೆ.

ಮಧ್ಯಾಂಕಕ್ಕೂ ಅದರದೇ ಕುರುಡಿದೆ. ಅದೇ ಕಾರ್ಖಾನೆ ಇನ್ನೂ ಮೂವರು ಹೆಲ್ಪರ್‌ಗಳನ್ನು 18,000ಕ್ಕೆ ಸೇರಿಸಿಕೊಂಡಿತೆನ್ನಿ. ಈಗ ಹದಿನೆಂಟು ಜನ, ನಡುವೆ ಇಬ್ಬರು: 22,000 ಮತ್ತು 24,000. ಜನರ ಎಣಿಕೆ ಸಮಸಂಖ್ಯೆಯಾಗಿದ್ದಾಗ MEDIAN ನಡುವಿನ ಇಬ್ಬರ ಸರಾಸರಿ ತೆಗೆಯುವುದರಿಂದ ಉತ್ತರ 23,000. ಮಧ್ಯಾಂಕ ಎರಡು ಸಾವಿರ ಇಳಿಯಿತು, ಆದರೆ ಯಾರ ಸಂಬಳವೂ ಕಡಿತವಾಗಿಲ್ಲ; ಮೇಲಾಗಿ ಆ 23,000 ಪಡೆಯುವವರೂ ಅಲ್ಲಿ ಯಾರೂ ಇಲ್ಲ. ಎರಡು ವರ್ಷಗಳ ಮಧ್ಯಾಂಕಗಳನ್ನು ಹೋಲಿಸುವಾಗ ಎರಡೂ ವರ್ಷ ಇದ್ದ ಅದೇ ಜನರನ್ನು ಮಾತ್ರ ಆರಿಸಿಕೊಂಡು ಇನ್ನೊಮ್ಮೆ ಲೆಕ್ಕ ಹಾಕಿದರೆ, ಏರಿಳಿತ ಸಂಬಳದ್ದೋ ಜನರ ಬದಲಾವಣೆಯದೋ ಎಂಬುದು ತಿಳಿಯುತ್ತದೆ.

ಇನ್ನು ಬಹುಲಕ. ಪಠ್ಯದಲ್ಲಿ ಇದನ್ನು ರೂಢಿಬೆಲೆ ಎಂದೂ ಕರೆಯುತ್ತಾರೆ, ಸಂಬಳದ ವಿಷಯದಲ್ಲಿ ಆ ಹೆಸರೇ ಹೆಚ್ಚು ಒಪ್ಪುತ್ತದೆ. ಏಪ್ರಿಲ್‌ನಲ್ಲಿ ಕನಿಷ್ಠ ವೇತನದ ತುಟ್ಟಿಭತ್ಯೆ ಬದಲಾದಾಗ ಮಾಲೀಕರು ಕೇಳುವುದು ‘ಹೆಚ್ಚು ಜನ ಯಾವ ದರದಲ್ಲಿದ್ದಾರೆ?’ ಎಂದು. ಇದಕ್ಕೆ ಸರಾಸರಿಯೂ ಮಧ್ಯಾಂಕವೂ ಉತ್ತರವಲ್ಲ. ಬಹುಲಕ 18,000 ಎನ್ನುತ್ತದೆ, ಆ ದರದಲ್ಲಿ ಎಷ್ಟು ಜನ ಎಂಬುದನ್ನು `=COUNTIF(C2:C16,18000)` ಐದು ಎಂದು ಹೇಳುತ್ತದೆ.

ಆದರೆ ಇದು ನಡೆಯುವುದು ನಿಗದಿಯಾದ ಒಟ್ಟು ಸಂಬಳದ ಕಾಲಮ್ಮಿನಲ್ಲಿ ಮಾತ್ರ. ಕೈಗೆ ಬಂದ ಸಂಬಳದ D ಕಾಲಮ್ಮಿಗೆ ಅದೇ ಸೂತ್ರ ಹಾಕಿದಾಗ ನಾನು ಬೇಸ್ತುಬಿದ್ದಿದ್ದೇನೆ. ಓವರ್‌ಟೈಮ್, ರಜೆ, ಪಿಎಫ್ ಎಲ್ಲ ಕಳೆದು ಕೂಡಿದ ಮೇಲೆ ಐವರು ಹೆಲ್ಪರ್‌ಗಳ ಅಂಕಿ 17,310, 18,120, 17,845, 19,260, 16,990 ಎಂದಾಗಿತ್ತು. ಒಂದೂ ಮರುಕಳಿಸುವುದಿಲ್ಲ. ಎಲ್ಲ ಸಾಲುಗಳೂ ಹೀಗೇ ಬೇರೆಬೇರೆಯಾಗಿದ್ದರೆ ಸೂತ್ರ `#N/A` ಎಂದು ಪ್ರಾಮಾಣಿಕವಾಗಿ ಕೈಚೆಲ್ಲುತ್ತದೆ. ಆ ತಿಂಗಳು ಹಾಗಾಗಲಿಲ್ಲ. ಇಬ್ಬರು ಆಪರೇಟರ್‌ಗಳಲ್ಲಿ ಒಬ್ಬನ ರಜೆ, ಇನ್ನೊಬ್ಬನ ಓವರ್‌ಟೈಮ್ ಸೇರಿ ಇಬ್ಬರದೂ 25,400 ಆಗಿತ್ತು. ಬಹುಲಕ 25,400 ಎಂದು ತೋರಿಸಿತು. ತಪ್ಪಿನ ಗುರುತಿಲ್ಲ, ಕೆಂಪು ಬಣ್ಣವಿಲ್ಲ. ಬರೀ ಕಾಕತಾಳೀಯವೊಂದು ‘ಹೆಚ್ಚು ಜನರ ಸಂಬಳ’ ಎಂಬ ವೇಷ ಹಾಕಿಕೊಂಡು ನಿಂತಿತ್ತು. ಬಹುಲಕ ಬಂದ ಕೂಡಲೇ COUNTIF ಹಾಕಿ ನೋಡುವ ಅಭ್ಯಾಸ ಅಂದಿನಿಂದ ಬಂತು. ಎಣಿಕೆ ಎರಡೇ ಆಗಿದ್ದರೆ ಅದನ್ನು ನಂಬುವುದಿಲ್ಲ.

ಇಂಥ ಕಡೆ ಪಕ್ಕದ ಕಾಲಮ್ಮಿನಲ್ಲಿ `=MROUND(D2,2000)` ಎಂದು ಬರೆದು ಅಂಕಿಗಳನ್ನು ದುಂಡಗೆ ಮಾಡಿಕೊಂಡು, ಆಮೇಲೆ ಬಹುಲಕ ತೆಗೆಯಬೇಕು. ಮೂವರು ಹೆಲ್ಪರ್‌ಗಳು 18,000ದಲ್ಲಿ ಕೂಡಿದರು, ಅದೇ ಮುಂದೆ ನಿಂತಿತು. ಎಷ್ಟು ಅಗಲಕ್ಕೆ ದುಂಡಗೆ ಮಾಡಿದಿರಿ ಎಂಬುದನ್ನು ಮಾತ್ರ ಜೊತೆಗೇ ಹೇಳಬೇಕು. 2,000ದ ಬದಲು 5,000 ಹಾಕಿದರೆ ಅದೇ ಐವರಲ್ಲಿ ಇಬ್ಬರು 15,000ಕ್ಕೆ, ಮೂವರು 20,000ಕ್ಕೆ ಹೋಗಿ ಒಂದೇ ಕೆಲಸದವರು ಎರಡು ಹೋಳಾಗುತ್ತಾರೆ.

ಹಾಳೆಯಲ್ಲಿ ಅಡಗಿರುವ ಇನ್ನೊಂದು ಕಾಟ ಸೊನ್ನೆಯದು. ತಿಂಗಳಿಡೀ ಸಂಬಳವಿಲ್ಲದ ರಜೆಯಲ್ಲಿದ್ದವರ ಸಾಲಿನಲ್ಲಿ 0 ಎಂದು ಹಾಕಿದರೆ AVERAGE, MEDIAN ಎರಡೂ ಅದನ್ನು ಒಂದು ಸಂಬಳವೆಂದೇ ಎಣಿಸುತ್ತವೆ. ಖಾಲಿ ಬಿಟ್ಟರೆ ಎಣಿಸುವುದಿಲ್ಲ. ಬೇರೆ ಕಡೆಯಿಂದ ನಕಲಿಸಿದ ಅಂಕಿಗಳು ಅಕ್ಷರಗಳಾಗಿ ಉಳಿದಿದ್ದರೆ ಅವನ್ನೂ ಸದ್ದಿಲ್ಲದೆ ಬಿಟ್ಟುಬಿಡುತ್ತವೆ. ಅಂಕಿಗಳನ್ನಷ್ಟೇ ಎಣಿಸುವ `COUNT` ಮತ್ತು ಖಾಲಿಯಲ್ಲದ ಎಲ್ಲವನ್ನೂ ಎಣಿಸುವ `COUNTA` ಎರಡನ್ನೂ ಹಾಕಿ, ಎರಡೂ ಹದಿನೈದೇ ಬಂದರೆ ಮಾತ್ರ ಮುಂದೆ ಹೋಗುತ್ತೇನೆ.

ಇಷ್ಟಾದರೂ ಆ ಹುಡುಗನ ಪ್ರಶ್ನೆಗೆ ಇಡೀ ಕಾರ್ಖಾನೆಯ ಯಾವ ಅಂಕಿಯೂ ಸರಿಯಾದ ಉತ್ತರವಾಗಿರಲಿಲ್ಲ. ಅವನು ಬಂದದ್ದು ಆಪರೇಟರ್ ಕೆಲಸಕ್ಕೆ. ಹೆಲ್ಪರ್‌ನಿಂದ ನಿರ್ದೇಶಕನವರೆಗೆ ಎಲ್ಲರನ್ನೂ ಒಂದೇ ಚೀಲಕ್ಕೆ ತುಂಬಿದ್ದರಿಂದಲೇ ಪಟ್ಟಿ ಅಷ್ಟು ವಾಲಿತ್ತು. ಎಕ್ಸೆಲ್‌ನಲ್ಲಿ ಬೇಕಾದ ಸಾಲುಗಳದ್ದಷ್ಟೇ ಸರಾಸರಿ ತೆಗೆಯಲು AVERAGEIF ಇದೆ, ಮಧ್ಯಾಂಕಕ್ಕೆ ಅಂಥದ್ದಿಲ್ಲ. ಸಾಮಾನ್ಯ ಪಿವೋಟ್ ಟೇಬಲ್ಲಿನ ಪಟ್ಟಿಯಲ್ಲೂ ಸರಾಸರಿ ಸಿಗುತ್ತದೆ, ಮಧ್ಯಾಂಕ ಸಿಗುವುದಿಲ್ಲ. ಅರ್ಧ ಜನ ಸರಾಸರಿ ಬರೆಯುವುದಕ್ಕೆ ಇದೇ ಕಾರಣವೆಂದು ನನ್ನ ಗುಮಾನಿ. ಹುದ್ದೆಯ ಹೆಸರು B ಕಾಲಮ್ಮಿನಲ್ಲಿದ್ದರೆ ಹೊಸ ಆವೃತ್ತಿಗಳಲ್ಲಿ ಹೀಗೆ ಮಾಡಬಹುದು:

```
=MEDIAN(FILTER(C2:C16,B2:B16="ಆಪರೇಟರ್"))
```

ಉತ್ತರ 25,000. ಆ ಐವರ ಸರಾಸರಿ ತೆಗೆದರೆ ಅದೂ 25,000. ಒಂದೇ ಬಗೆಯ ಕೆಲಸದವರನ್ನು ಬೇರೆ ತೆಗೆದ ಮೇಲೆ ಇವೆರಡರ ನಡುವೆ ಜಗಳವೇ ಉಳಿಯಲಿಲ್ಲ. ಮುಂದಿನ ಸಲದ ಜಾಹೀರಾತಿನಲ್ಲಿ ‘ಸರಾಸರಿ’ ಎಂಬ ಪದವೇ ಇರಲಿಲ್ಲ, ‘ಆಪರೇಟರ್, ರೂ. 22,000ದಿಂದ 28,000’ ಎಂದಷ್ಟೇ ಇತ್ತು.